CH ಚೀನಾ ಅಲ್ಲ, ಸರಿ. ಹಾಗಾದರೆ ‘ರಫ್ತು ದೇಶ’ ಯಾವುದು?

ಅನುವಾದಕಿ

ನಮಸ್ಕಾರ. ಮರದ ಹಲಗೆಗಳ ಜೊತೆ ಬಂದ ಒಂದು ಸೈಟಿಸ್ ಕಾಗದವನ್ನು, ಅಂದರೆ ಅಪಾಯದಲ್ಲಿರುವ ಗಿಡ-ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪರವಾನಗಿಯನ್ನು, ಕನ್ನಡಕ್ಕೆ ತರುತ್ತಿದ್ದೇನೆ. ಮರದ ಹೆಸರು *Pericopsis elata*, ವ್ಯಾಪಾರದಲ್ಲಿ ಆಫ್ರೋರ್ಮೋಸಿಯಾ ಅಂತಾರೆ. ಕಾಗದದಲ್ಲಿ ದೇಶದ ಹೆಸರು ಇರಬೇಕಾದ ಕಡೆ ಬರೀ ಎರಡಕ್ಷರ ಇವೆ. ಮುಖ್ಯವಾದವು ಇಷ್ಟು:

```
ಕಾಗದದ ಸಂಖ್ಯೆ : 21CH004512
ಚೌಕ 12       : CD
ಚೌಕ 12a      : BE
```

ಮೊದಲ ಸಲ ನಾನು ಬರೆದದ್ದು ‘ಕೆನಡಾ ಮೂಲದ ಮರ, ರಫ್ತು ಮಾಡಿದ್ದು ಚೀನಾ’ ಅಂತ. ರಾತ್ರಿ ಆ ಮರದ ಬಗ್ಗೆ ಓದಿದೆ. ಅದು ಮಧ್ಯ ಮತ್ತು ಪಶ್ಚಿಮ ಆಫ್ರಿಕಾದ ಮಳೆಕಾಡಿನ ಮರವಂತೆ. ಕೆನಡಾದ ಹಿಮದಲ್ಲಿ ಅದು ಬೆಳೆಯೋದು ಹೇಗೆ? ಬೆವರಿಬಿಟ್ಟೆ.

ನನ್ನ ಪ್ರಶ್ನೆ ಎರಡು. ಇಲ್ಲಿ ‘ರಫ್ತು ದೇಶ’ ಅಂತ ಯಾವುದನ್ನು ಕರೆಯಬೇಕು? ಮತ್ತೆ, 12a ಚೌಕದ ಶೀರ್ಷಿಕೆಯನ್ನು ನಾನು ‘ಕೊನೆಯ ಮರುರಫ್ತು ದೇಶ’ ಅಂತ ಮಾಡಿದ್ದೇನೆ. ಕರಡು ತಿದ್ದುವವರು ಅದರ ಕೆಳಗೆ ದೊಡ್ಡ ಪ್ರಶ್ನೆಚಿಹ್ನೆ ಹಾಕಿ ಕಳಿಸಿದ್ದಾರೆ.

ಪದಪ್ರಿಯ

CH ಅಂದರೆ ಸ್ವಿಟ್ಜರ್ಲೆಂಡ್. ಆ ದೇಶದ ಲ್ಯಾಟಿನ್ ಹೆಸರು ಕಾನ್ಫೆಡರೇಶಿಯೋ ಹೆಲ್ವೆಟಿಕಾ, ಅದರಿಂದ ಬಂದದ್ದು. ಅಲ್ಲಿನ ಕಾರುಗಳ ಹಿಂದೆಯೂ CH ಅಂತಲೇ ಇರುತ್ತೆ. ಚೀನಾ CN, ಕೆನಡಾ CA. ನಿಮ್ಮ CD ಕಾಂಗೋ.

ಮರ ಕಡಿದದ್ದು ಕಾಂಗೋದಲ್ಲಿ, ಅಲ್ಲಿಂದಲೇ ಹೊರಟದ್ದು. ಹಾಗಾಗಿ ರಫ್ತು ದೇಶ ಕಾಂಗೋ. ಸ್ವಿಟ್ಜರ್ಲೆಂಡ್ ಸುಮ್ನೆ ಮಧ್ಯದ ಅಂಗಡಿ. ಅಂದಹಾಗೆ ‘ಮೂಲ ದೇಶ’ ತೀರಾ ಒಣಕಲು. ‘ತವರು ದೇಶ’ ಅನ್ನಿ, ಎಷ್ಟು ಚೆನ್ನಾಗಿದೆ!

ಮರದ ಕೆಲಸದವ

ನನಗೂ ಇದೇ ತಲೆನೋವು. ನಾನು ತಂದ ಹಲಗೆಯ ಬಿಲ್ಲಿನಲ್ಲಿ `FSC-C` ಅಂತ ಇದ್ದು, ಮುಂದೆ ಆರು ಅಂಕಿ ಇವೆ. ಆ C ಕಾಂಗೋನಾ, ಕ್ಯಾಮರೂನಾ? ಮಾರಿದವನನ್ನು ಕೇಳಿದರೆ ‘ಒಳ್ಳೇ ಮರ ಸಾರ್’ ಅನ್ನೋದು ಬಿಟ್ಟರೆ ಬೇರೆ ಮಾತಿಲ್ಲ.

ಹಳೇ ಕಡತ

ಇಂಥ ಕಾಗದ ತಪಾಸಣೆ ಮಾಡುತ್ತಾ ಜಾಸ್ತಿ ವರ್ಷ ಕಳೆದವನು ನಾನು. ಒಂದೊಂದಾಗಿ ನೋಡೋಣ.

ಪದಪ್ರಿಯರು ಅಕ್ಷರ ಬಿಡಿಸಿದ್ದು ಸರಿ, ಅರ್ಥ ಮಾಡಿದ್ದು ತಪ್ಪು. ಈ ಕಾಗದದ ಮಟ್ಟಿಗೆ ರಫ್ತು ದೇಶ ಅಂದರೆ ಕಾಗದ ಕೊಟ್ಟ ದೇಶ. ಸರಕು ಈಗ ಯಾರ ಗಡಿ ದಾಟಿ ಹೊರಗೆ ಹೋಗುತ್ತಿದೆಯೋ ಅವರು. ಅದು ಕಾಗದದ ಸಂಖ್ಯೆಯಲ್ಲೇ ಕೂತಿದೆ. ಸೈಟಿಸ್ ಶಿಫಾರಸು ಮಾಡುವ ಕ್ರಮದಲ್ಲಿ ಮೊದಲ ಎರಡು ಅಂಕಿ ವರ್ಷ, ಆಮೇಲೆ ದೇಶದ ಎರಡಕ್ಷರ, ಆಮೇಲೆ ಆರು ಅಂಕಿಯ ಕ್ರಮಸಂಖ್ಯೆ. ಅಂದರೆ ನಿಮ್ಮದು 2021ರಲ್ಲಿ ಸ್ವಿಟ್ಜರ್ಲೆಂಡ್ ಕೊಟ್ಟ 4512ನೇ ಕಾಗದ. ಎಲ್ಲ ದೇಶವೂ ಈ ಕ್ರಮವನ್ನೇ ಹಿಡಿಯುತ್ತೆ ಅಂತಿಲ್ಲ. ಹಾಗಾಗಿ ಮುದ್ರೆ ಹಾಕಿದ ಕಚೇರಿ ಯಾವ ದೇಶದ್ದು ಅಂತ ಒಮ್ಮೆ ತಾಳೆ ನೋಡಿ.

ಚೌಕ 12 ಮೂಲ ದೇಶ, ಮರ ಕಡಿದ ಜಾಗ. 12a ಬೇರೆಯೇ. ಸರಕು ಸ್ವಿಟ್ಜರ್ಲೆಂಡಿಗೆ ಬರೋ ಮುಂಚೆ ಇನ್ನೊಂದು ದೇಶ ಅದನ್ನು ತರಿಸಿಕೊಂಡು ಮತ್ತೆ ಹೊರಗೆ ಕಳಿಸಿದ್ದರೆ ಆ ದೇಶದ ಹೆಸರು ಅಲ್ಲಿ ಬರುತ್ತೆ. ನಿಮ್ಮ ಮರ ಕಾಂಗೋದಿಂದ ಬೆಲ್ಜಿಯಂಗೆ, ಅಲ್ಲಿಂದ ಸ್ವಿಟ್ಜರ್ಲೆಂಡಿಗೆ, ಈಗ ನಿಮ್ಮ ಕಡೆಗೆ. ಕಾಗದದ ತಲೆಯಲ್ಲಿ ‘ಮರುರಫ್ತು’ ಚೌಕಕ್ಕೆ ಗುರುತು ಬಿದ್ದಿರಬೇಕು, ನೋಡಿ. ಅಲ್ಲಿ ಬರೀ ‘ರಫ್ತು’ ಅಂತ ಗುರುತಿದ್ದು, ಕೆಳಗೆ ಮೂಲ ಬೇರೆ ದೇಶ ಅಂತಿದ್ದರೆ ಆಗ ಅನುಮಾನ ಪಡಬೇಕು.

ಮರದ ಕೆಲಸದವರೇ, ನಿಮ್ಮದು ಬೇರೆ ಜಾತಿಯ ಸಂಖ್ಯೆ. ಆ C ದೇಶವಲ್ಲ. `FSC-C` ಮತ್ತು ಆರು ಅಂಕಿ ಸೇರಿ ಒಂದು ಕಂಪನಿಯ ಪರವಾನಗಿ ಸಂಖ್ಯೆ. ಎಫ್‌ಎಸ್‌ಸಿ ಅಂದರೆ ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡು ತಂದ ಮರಕ್ಕೆ ಪ್ರಮಾಣಪತ್ರದ ಏರ್ಪಾಡು ಮಾಡಿರೋ ಸಂಸ್ಥೆ. ಅವರ ಹುಡುಕು ಪುಟದಲ್ಲಿ ಹಾಕಿದರೆ ಕಂಪನಿಯ ಹೆಸರು, ದೇಶ ಸಿಗುತ್ತೆ. ಆ ದೇಶವೂ ಕಂಪನಿಯದೇ, ಮರದ್ದಲ್ಲ.

ಪದಪ್ರಿಯ

ಒಪ್ಪಿದೆ, ಕಿವಿ ಹಿಂಡಿಸಿಕೊಂಡೆ. ಆದರೆ ‘ತವರು’ ಬಿಡಬೇಕಾ? ಮತ್ತೆ CD, CG ಎರಡೂ ಕಾಂಗೋ ತಾನೇ? ಅನುವಾದದಲ್ಲಿ ‘ಕಾಂಗೋ’ ಅಂದರೆ ಸಾಕಲ್ವಾ?

ಹಳೇ ಕಡತ

ಸಾಕಾಗಲ್ಲ. CD ಅಂದರೆ ಕಿನ್ಶಾಸಾ ರಾಜಧಾನಿಯಾಗಿರುವ ದೊಡ್ಡ ಕಾಂಗೋ. CG ಅಂದರೆ ನದಿಯ ಆಚೆ ದಡದ ಬ್ರಾಝವಿಲ್ ಕಾಂಗೋ. ಕಷ್ಟ ಏನಪ್ಪಾ ಅಂದ್ರೆ, ಈ ಮರ ಎರಡೂ ಕಡೆ ಬೆಳೆಯುತ್ತೆ. ಪಕ್ಕದ CM, ಅಂದರೆ ಕ್ಯಾಮರೂನಿನಲ್ಲೂ ಇದೆ. ಕೆನಡಾ ಅಂತ ಬರೆದಾಗ ಮರವೇ ನಿಮ್ಮನ್ನು ಎಚ್ಚರಿಸಿತು. CD ಬದಲು CG ಅಂತ ಬಿದ್ದರೆ ಮರ ಬಾಯಿ ಬಿಡಲ್ಲ. ರಫ್ತಿನ ಮಿತಿ ಲೆಕ್ಕ ಹಾಕೋದು ಒಂದೊಂದು ದೇಶಕ್ಕೆ ಬೇರೆ ಬೇರೆಯಾಗಿ. ಒಂದಕ್ಷರ ತಪ್ಪಿದರೆ ಮರ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತೆ. ಹಾಗಾಗಿ ಚೌಕ 12ರಲ್ಲೇ ಇರುವ ಮೂಲ ಪರವಾನಗಿಯ ಸಂಖ್ಯೆ ನೋಡಬೇಕು. ಅದರ ಒಳಗೂ CD ಇದ್ದರೆ ಸಮಾಧಾನ.

ನಾನೇ ಒಮ್ಮೆ ಮುಗ್ಗರಿಸಿದ್ದೆ. ಹಳೇ ಕಾಗದವೊಂದರಲ್ಲಿ `ZR` ಅಂತ ಇತ್ತು. ಪಟ್ಟಿಯಲ್ಲಿ ಅಂಥ ದೇಶವೇ ಇಲ್ಲ ಅಂತ ಪಕ್ಕಕ್ಕಿಟ್ಟೆ. ಜಾಂಬಿಯಾ ಇರಬಹುದಾ ಅಂತ ನೋಡಿದರೆ ಅದು ZM. ಮಾರನೇ ದಿನ ಹೊಳೆಯಿತು. 1997ರ ತನಕ ಇದೇ ದೊಡ್ಡ ಕಾಂಗೋ ಝೈರ್ ಆಗಿತ್ತು. ಕಾಗದದ ತಾರೀಖು ನೋಡದೆ ಸಂಕೇತ ಓದಬಾರದು.

‘ತವರು’ ಕಿವಿಗೆ ಇಂಪು, ಆದರೆ ಇಲ್ಲಿ ಬೇಡ. ದಕ್ಷಿಣ ಅಮೆರಿಕದ ಆರ್ಕಿಡ್ ಒಂದನ್ನು ನೆದರ್‌ಲ್ಯಾಂಡ್ಸಿನ ಗಾಜಿನಮನೆಯಲ್ಲಿ ಬೆಳೆಸಿದರು ಅನ್ನಿ. ಗಿಡದ ಜಾತಿಗೆ ತವರು ಒಂದು, ಕಾಗದದ ಚೌಕ 12ರಲ್ಲಿ ಬರೋದು NL. ತವರು ಅಂದ ಕೂಡಲೇ ಓದುವವರು ಕಾಡಿಗೆ ಹೋಗಿಬಿಡ್ತಾರೆ.

ಅನುವಾದಕಿ

ಮೇಲ್ತುದಿಯಲ್ಲಿ ‘ಮರುರಫ್ತು’ ಚೌಕಕ್ಕೆ ಗುರುತು ಇದೆ, ಈಗ ನೋಡಿದೆ. ಚೌಕ 12ರ ಸಂಖ್ಯೆಯಲ್ಲೂ CD ಇದೆ. ಹಾಗಾದರೆ ‘ಮೂಲ ದೇಶ’ ಉಳಿಸಿಕೊಳ್ಳುತ್ತೇನೆ. ‘ರಫ್ತು ದೇಶ’ ಬದಲು ‘ಈಗ ಕಳಿಸುತ್ತಿರುವ ದೇಶ’ ಅಂತ ಬಿಡಿಸಿ ಬರೆಯುತ್ತೇನೆ. ಪ್ರಶ್ನೆಚಿಹ್ನೆಯ ಗುಟ್ಟೂ ಗೊತ್ತಾಯಿತು. ‘ಕೊನೆಯ ಮರುರಫ್ತು ದೇಶ ಬೆಲ್ಜಿಯಂ’ ಅಂದರೆ ಬೆಲ್ಜಿಯಂನಿಂದಲೇ ನಮ್ಮ ಕಡೆ ಬಂತು ಅಂತ ಅರ್ಥವಾಗುತ್ತೆ. ಆಮೇಲೆ ಸ್ವಿಟ್ಜರ್ಲೆಂಡ್ ಎಲ್ಲಿಂದ ಬಂತು ಅಂತ ಅವರ ಅನುಮಾನ. ‘ಹಿಂದಿನ ಮರುರಫ್ತು ದೇಶ’ ಅಂದರೆ ಸರಿಹೋಗುತ್ತಾ?

ಹಳೇ ಕಡತ

‘ಕೊನೆಯ’ಗಿಂತ ಮೇಲು. ಆದರೆ ಮರ ಮೂರ್ನಾಲ್ಕು ದೇಶ ತಿರುಗಿ ಬಂದಿದ್ದರೆ ‘ಹಿಂದಿನ’ ಅಂದಾಗ ಎಷ್ಟು ಹಿಂದಿನದು ಅಂತ ಕೇಳ್ತಾರೆ. ಚೌಕದಲ್ಲಿ ಬೇಕಿರೋದು ತೀರಾ ಹತ್ತಿರದ ಒಂದೇ ಒಂದು.

ಪದಪ್ರಿಯ

‘ಇದಕ್ಕೆ ಮುಂಚಿನ ಮರುರಫ್ತು ದೇಶ’?

ಅನುವಾದಕಿ

ಅರ್ಥ ಸರಿಯಾಗಿದೆ. ಆದರೆ ಚೌಕದ ಅಗಲ ಎರಡು ಬೆರಳು ಸರ್, ಅಷ್ಟು ಉದ್ದ ಹಿಡಿಸಲ್ಲ. ಸದ್ಯಕ್ಕೆ ‘ಹಿಂದಿನ’ ಅಂತಲೇ ಹಾಕಿ ಕಳಿಸುತ್ತೇನೆ. ಚಿಕ್ಕದು ಹೊಳೆದರೆ ಹೇಳಿ.

ಮರದ ಕೆಲಸದವ

ಹುಡುಕು ಪುಟದಲ್ಲಿ ನನ್ನ ಸಂಖ್ಯೆ ಹಾಕಿ ನೋಡಿದೆ. ಬಂದ ಕಂಪನಿಯ ಹೆಸರೇ ಬೇರೆ, ಬಿಲ್ಲು ಕೊಟ್ಟವನ ಹೆಸರೇ ಬೇರೆ. ಇದಕ್ಕೆ ಕನ್ನಡದಲ್ಲಿ ಏನಂತಾರೆ ಅಂತ ನನಗೆ ಗೊತ್ತು, ಇಲ್ಲಿ ಬರೆಯೋ ಹಾಗಿಲ್ಲ.