ಹುಡುಗನ ಹುಟ್ಟಿದ ವೇಳೆ ಗೊತ್ತಿಲ್ಲ: ಗುಣ 22.5 ನಂಬೋದಾ, 24.5 ನಂಬೋದಾ?

ತಂಗಿಯ_ಅಣ್ಣ

ಎಲ್ಲರಿಗೂ ನಮಸ್ಕಾರ. ತಂಗಿಗೆ ಒಂದು ಸಂಬಂಧ ಬಂದಿದೆ. ಅವಳು ಹುಟ್ಟಿದ ವೇಳೆಯನ್ನು ಅಪ್ಪ ನಿಮಿಷದ ಸಮೇತ ಬರೆದಿಟ್ಟಿದ್ದಾರೆ. ರೇವತಿ ನಕ್ಷತ್ರ, ಮೀನ ರಾಶಿ. ಹುಡುಗನ ಕಡೆಯವರು ತಾರೀಖು, ಊರು ಕೊಟ್ಟರು, ವೇಳೆ ಮಾತ್ರ ಯಾರಿಗೂ ನೆನಪಿಲ್ಲ.

ಸಾಫ್ಟ್‌ವೇರ್‌ನಲ್ಲಿ ವೇಳೆ ಖಾಲಿ ಬಿಟ್ಟೆ. ಅದು ತಾನೇ ಮಧ್ಯಾಹ್ನ 12:00 ಹಾಕಿಕೊಂಡು 22.5 ಗುಣ ತೋರಿಸಿತು. ಸುಮ್ನೆ ಪರೀಕ್ಷೆಗೆ ಅಂತ ಸಂಜೆ 6 ಹಾಕಿದೆ, 24.5 ಬಂತು. 12ಕ್ಕೆ ಕುಜದೋಷ ಇದೆ ಅನ್ನುತ್ತದೆ, 6ಕ್ಕೆ ಇಲ್ಲ ಅನ್ನುತ್ತದೆ. ಗುಣ ಎರಡು ಸಲವೂ 18 ದಾಟಿದೆ. ಹಾಗಾದರೆ ಮೇಳಾಮೇಳಿಯ ಮಟ್ಟಿಗೆ ವೇಳೆ ಬೇಕಾಗಿಯೇ ಇಲ್ಲ ಅಂದುಕೊಳ್ಳಬಹುದಾ?

ಹಳೇ_ಪಂಚಾಂಗ

ಒಟ್ಟು ಅಂಕ ನೋಡಬೇಡಿ, ಅದು ದಾರಿ ತಪ್ಪಿಸುತ್ತದೆ. 36ರ ಎಂಟೂ ಕೂಟಗಳು ಚಂದ್ರನ ನಕ್ಷತ್ರ, ರಾಶಿಯಿಂದ ಬರುವಂಥವು. ಲಗ್ನಕ್ಕೂ ಅವಕ್ಕೂ ಸಂಬಂಧವಿಲ್ಲ. ಆದ್ದರಿಂದ ನಿಮ್ಮ ಪ್ರಶ್ನೆ ಒಂದೇ: ಆ ದಿನ ಚಂದ್ರ ಎಲ್ಲಿಂದ ಎಲ್ಲಿಗೆ ಹೋದ?

ಹುಡುಗನ ತಾರೀಖಿಗೆ ಒಮ್ಮೆ 00:00, ಇನ್ನೊಮ್ಮೆ 23:59 ಹಾಕಿ. ಎರಡರಲ್ಲೂ ಚಂದ್ರನ ರಾಶಿ ಮತ್ತು ಅಂಶ ಬರೆದುಕೊಂಡು ಇಲ್ಲಿ ಹಾಕಿ. ಬೇರೇನೂ ಬೇಡ.

ತಂಗಿಯ_ಅಣ್ಣ

00:00ಕ್ಕೆ ಸಿಂಹ 22°10'. 23:59ಕ್ಕೆ ಕನ್ಯಾ 5°21'. ಕುಜ ದಿನವಿಡೀ ಕನ್ಯಾದಲ್ಲೇ ಇದ್ದಾನೆ.

ಶುಭಲಗ್ನ

ಅಷ್ಟೇನಾ, ಸುಲಭ ಇದೆ ಬಿಡಿ. ಹುಡುಗನ ಹೆಸರು ಯಾವ ಅಕ್ಷರದಿಂದ ಶುರುವಾಗುತ್ತದೆ ಹೇಳಿ. ನಾಮಾಕ್ಷರದಿಂದ ಪಾದವೇ ಸಿಗುತ್ತದೆ. ಪಾದ ಸಿಕ್ಕಿದರೆ ವೇಳೆಯೂ ಹತ್ತಿರ ಹತ್ತಿರ ಸಿಕ್ಕಂತೆಯೇ.

ತಂಗಿಯ_ಅಣ್ಣ

'ಪ' ಅಕ್ಷರ.

ಶುಭಲಗ್ನ

ನೋಡಿ, ಉತ್ತರೆ ಮೂರನೇ ಪಾದ! ಕನ್ಯಾ ರಾಶಿ. ಮೀನಕ್ಕೆ ಕನ್ಯಾ ಸಮಸಪ್ತಕ, ತುಂಬಾ ಒಳ್ಳೆಯದು. ಮುಗೀತು.

ಹಳೇ_ಪಂಚಾಂಗ

ಶುಭಲಗ್ನ ಅವರೇ, ಅಕ್ಷರದ ಲೆಕ್ಕ ಸರಿ. ಆದರೆ ಆ ಹೆಸರು ನಕ್ಷತ್ರ ನೋಡಿ ಇಟ್ಟದ್ದು ಅಂತ ನಿಮಗೆ ಯಾರು ಹೇಳಿದರು? ಅದನ್ನು ಆಮೇಲೆ ನೋಡೋಣ. ಮೊದಲು ದಿನವನ್ನು ತುಂಡು ಮಾಡೋಣ.

ಅವತ್ತು ಚಂದ್ರ 24 ಗಂಟೆಯಲ್ಲಿ 13°12' ನಡೆದಿದ್ದಾನೆ, ಅಂದರೆ ಗಂಟೆಗೆ 33 ಕಲೆ, ಒಂದು ಅಂಶಕ್ಕೆ 60 ಕಲೆ. ಹುಬ್ಬ ನಕ್ಷತ್ರ ಸಿಂಹ 26°40'ಕ್ಕೆ ಮುಗಿಯುತ್ತದೆ. ಮಧ್ಯರಾತ್ರಿಯಿಂದ ಅಲ್ಲಿಗೆ 270 ಕಲೆ. 33ರಿಂದ ಭಾಗಿಸಿದರೆ ಬೆಳಗ್ಗೆ 8:11. ಸಿಂಹ ರಾಶಿ ಮುಗಿಯಲು 470 ಕಲೆ, ಅಂದರೆ ಮಧ್ಯಾಹ್ನ 2:14. ಹೀಗೆ ದಿನ ಮೂರು ತುಂಡಾಯಿತು. 8:11ರ ತನಕ ಹುಬ್ಬ, ಸಿಂಹ. ಅಲ್ಲಿಂದ 2:14ರ ತನಕ ಉತ್ತರೆ, ಸಿಂಹ. ಆಮೇಲೆ ರಾತ್ರಿವರೆಗೆ ಉತ್ತರೆ, ಕನ್ಯಾ.

ಈಗ ರೇವತಿ ಜೊತೆ ಇಟ್ಟು ನೋಡಿ. ರೇವತಿ ಅಂತ್ಯ ನಾಡಿ. ಹುಬ್ಬ ಮಧ್ಯ, ಉತ್ತರೆ ಆದಿ. ಹುಡುಗ ಅವತ್ತು ಯಾವ ಹೊತ್ತಿಗೆ ಹುಟ್ಟಿದ್ದರೂ ನಾಡಿದೋಷ ಇಲ್ಲ, 8ಕ್ಕೆ 8. ಇದನ್ನು ಧೈರ್ಯವಾಗಿ ಹೇಳಬಹುದು. ಹುಬ್ಬ, ಉತ್ತರೆ ಎರಡೂ ಮನುಷ್ಯಗಣ, ಹಾಗಾಗಿ ಗಣದ ಅಂಕವೂ ಅಲ್ಲಾಡುವುದಿಲ್ಲ. ಯೋನಿಯಲ್ಲಿ ರೇವತಿ ಆನೆ. ಆನೆಗೆ ವೈರ ಸಿಂಹದ ಜೊತೆ, ಹುಬ್ಬದ ಇಲಿ ಅಥವಾ ಉತ್ತರೆಯ ಹಸುವಿನ ಜೊತೆ ಅಲ್ಲ. ಅಲ್ಲಿಯೂ ಚಿಂತೆ ಇಲ್ಲ.

ತೊಂದರೆ ಇರುವುದು ರಾಶಿಯಲ್ಲಿ. ಸಿಂಹ ಆದರೆ ಮೀನಕ್ಕೆ ಷಷ್ಠಾಷ್ಟಕ, ಅಂದರೆ ಒಂದರಿಂದ ಎಣಿಸಿದರೆ 6ನೇದು, ಇನ್ನೊಂದರಿಂದ 8ನೇದು; ರಾಶಿಕೂಟ 7ಕ್ಕೆ 0. ಆದರೆ ರವಿ, ಗುರು ಪರಸ್ಪರ ಮಿತ್ರರು, ಗ್ರಹಮೈತ್ರಿ 5ಕ್ಕೆ 5. ಕನ್ಯಾ ಆದರೆ ಪೂರಾ ತಲೆಕೆಳಗು. ರಾಶಿಕೂಟ 7 ಬರುತ್ತದೆ, ಬುಧ-ಗುರು ಮೈತ್ರಿ ಅರ್ಧ ಅಂಕಕ್ಕೆ ಇಳಿಯುತ್ತದೆ. 7 ಬಂತು, ನಾಲ್ಕೂವರೆ ಹೋಯಿತು, ವಶ್ಯದಲ್ಲಿ ಅರ್ಧ ಹೋಯಿತು. ಅದಕ್ಕೇ ನಿಮಗೆ ಬರೀ 2 ಅಂಕದ ವ್ಯತ್ಯಾಸ ಕಂಡದ್ದು. ಒಟ್ಟು ಹತ್ತಿರ ಇದೆ ಅಂದ ಮಾತ್ರಕ್ಕೆ ಎರಡೂ ಒಂದೇ ಜಾತಕ ಅಲ್ಲ.

ತಂಗಿಯ_ಅಣ್ಣ

ಅಬ್ಬಾ, ಈಗ ಅರ್ಥವಾಯಿತು. ಷಷ್ಠಾಷ್ಟಕ ಅಂದರೆ ಅಮ್ಮ ಹೆದರುತ್ತಾರೆ ಸರ್. ಸಿಂಹ ಅಂತ ಗೊತ್ತಾದರೆ ಸಂಬಂಧ ಬಿಡಬೇಕಾ?

ಹಳೇ_ಪಂಚಾಂಗ

ಬಿಡಬೇಕಾಗಿಲ್ಲ. ಸಿಂಹ-ಮೀನ ಮಿತ್ರ ಷಷ್ಠಾಷ್ಟಕದ ಜೋಡಿ. ರಾಶ್ಯಾಧಿಪತಿಗಳು ಮಿತ್ರರಾಗಿದ್ದರೆ ಈ ದೋಷವನ್ನು ಹೆಚ್ಚಿನವರು ಎಣಿಸುವುದಿಲ್ಲ. ಸಾಫ್ಟ್‌ವೇರ್ ಮಾತ್ರ 0 ಅಂತ ಮುಖಕ್ಕೆ ಹೊಡೆದಂತೆ ತೋರಿಸುತ್ತದೆ. ಪರಿಹಾರ ಉಂಟು ಅಂತ ಕೆಳಗೆ ಸಣ್ಣ ಅಕ್ಷರದಲ್ಲೂ ಹೇಳುವುದಿಲ್ಲ.

ಇನ್ನು 'ಪ' ಅಕ್ಷರದ ಕಥೆ. ಉತ್ತರೆ ಮೂರನೇ ಪಾದ ಶುರುವಾಗುವುದು ಕನ್ಯಾ 3°20'ಕ್ಕೆ. ನಮ್ಮ ಲೆಕ್ಕದಲ್ಲಿ ರಾತ್ರಿ ಸುಮಾರು 8:18. ಹುಡುಗ ರಾತ್ರಿ ಹುಟ್ಟಿದ್ದು ಅಂತ ಮನೆಯವರು ಹೇಳಿದರೆ ಅಕ್ಷರ ನಂಬಬಹುದು. ಹಗಲು ಅಂದರೆ ಅದು ಬರೀ ಕರೆಯುವ ಹೆಸರು. ಕೇಳಿ ನೋಡಿ.

ನೀಲಿ_ಛತ್ರಿ

ನನ್ನದೂ ಇದೇ ಗೋಳು. ನಾನು ರಾತ್ರಿ 12:30ಕ್ಕೆ ಹುಟ್ಟಿದ್ದು. ಮನೆಯಲ್ಲಿ ಸೋಮವಾರ ಅನ್ನುತ್ತಾರೆ, ಸರ್ಟಿಫಿಕೇಟ್‌ನಲ್ಲಿ ಮಂಗಳವಾರದ ತಾರೀಖು. ಯಾವುದು ಹಾಕಬೇಕು?

ಹಳೇ_ಪಂಚಾಂಗ

ನಿಮ್ಮದು ಬೇರೆ ಸಮಸ್ಯೆ, ವೇಳೆ ಗೊತ್ತಿದೆಯಲ್ಲ. ಪಂಚಾಂಗದ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ, ಹಾಗಾಗಿ ಮನೆಯವರ ಸೋಮವಾರ ತಪ್ಪಲ್ಲ. ಸಾಫ್ಟ್‌ವೇರ್‌ಗೆ ಮಾತ್ರ ಮಂಗಳವಾರದ ತಾರೀಖು, 00:30 ಹಾಕಿ. ಸೋಮವಾರದ ತಾರೀಖಿಗೆ 00:30 ಹಾಕಿದರೆ ಒಂದಿಡೀ ದಿನ ಹಿಂದೆ ಹೋಗುತ್ತೀರಿ, ನಕ್ಷತ್ರವೇ ಬದಲಾಗುತ್ತದೆ.

ತಂಗಿಯ_ಅಣ್ಣ

ಹುಡುಗನ ತಾಯಿ ಹತ್ತಿರ ಮಾತಾಡಿದೆ. ಹಗಲೇ, ಖಂಡಿತ ರಾತ್ರಿ ಅಲ್ಲ ಅಂದರು. ಬೆಳಗ್ಗೆ 11ಕ್ಕೆ ಒಳಗೆ ಕರೆದುಕೊಂಡು ಹೋದರಂತೆ. ಸಂಜೆ 4ಕ್ಕೆ ನೋಡಲು ಬಂದವರು ಮಗುವನ್ನು ಎತ್ತಿಕೊಂಡರಂತೆ. ಹೆಸರು ತಾತನದ್ದು.

ಹಳೇ_ಪಂಚಾಂಗ

ಹಾಗಾದರೆ ಅಕ್ಷರ ಬಿಟ್ಟುಬಿಡಿ. 11ರಿಂದ 4 ಅಂದರೆ ಹುಬ್ಬ ಪೂರ್ತಿ ಹೊರಗೆ. ನಕ್ಷತ್ರ ಉತ್ತರೆ, ಅಷ್ಟು ಗಟ್ಟಿ. ತಂಗಿಯಿಂದ ಎಣಿಸಿದರೆ ಹುಬ್ಬ ವಿಪತ್ ತಾರೆ ಆಗುತ್ತಿತ್ತು, ಉತ್ತರೆ ಕ್ಷೇಮ ತಾರೆ. ಹುಡುಗಿಯಿಂದ ಮಾತ್ರ ಎಣಿಸುವವರಿಗೆ ದಿನಕೂಟವೂ ಕೂಡಿಬಂತು. ಸಿಂಹವೋ ಕನ್ಯಾವೋ ಅನ್ನುವುದು ಇನ್ನೂ ತೂಗುತ್ತಿದೆ.

ಕುಜದೋಷದ ವಿಷಯಕ್ಕೆ ಬರೋಣ. ಹೆಚ್ಚು ಜನ ತಪ್ಪುವುದು ಇಲ್ಲೇ. ಲಗ್ನದಿಂದ ಕುಜ ಎಷ್ಟನೇ ಮನೆಯಲ್ಲಿ ಅಂತ ಎಣಿಸಬೇಕು, ಲಗ್ನವೋ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ. ಅವತ್ತು ರವಿ ಎಲ್ಲಿ?

ತಂಗಿಯ_ಅಣ್ಣ

ವೃಶ್ಚಿಕ, 15 ಅಂಶದ ಹತ್ತಿರ.

ಹಳೇ_ಪಂಚಾಂಗ

ಹಾಗಾದರೆ 11ರಿಂದ 4ರ ಒಳಗೆ ನಾಲ್ಕು ಲಗ್ನ ಬರುತ್ತವೆ: ಮಕರದ ಬಾಲ, ಕುಂಭ, ಮೀನ, ಮೇಷ. ಕುಜ ಕನ್ಯಾದಲ್ಲಿ. ಮಕರಕ್ಕೆ 9ನೇ ಮನೆ, ದೋಷ ಇಲ್ಲ. ಕುಂಭಕ್ಕೆ 8, ಇದೆ. ಮೀನಕ್ಕೆ 7, ಇದೆ. ಮೇಷಕ್ಕೆ 6, ಇಲ್ಲ. ಎರಡು ಹೌದು, ಎರಡು ಅಲ್ಲ. ಇದು ನಾಣ್ಯ ಚಿಮ್ಮಿದ ಹಾಗೆ. 12:00 ಅಂತ ಸಾಫ್ಟ್‌ವೇರ್ ತಾನಾಗಿ ಹಾಕಿಕೊಂಡು ಕೊಟ್ಟ ಕುಜದೋಷದ ಕಾಗದ ಹರಿದುಹಾಕಿ.

ದಶಾಸಂಧಿಯನ್ನೂ ಈಗ ನೋಡಬೇಡಿ. ಉತ್ತರೆಗೆ ರವಿ ದಶೆ, 6 ವರ್ಷ. 11ಕ್ಕೆ ಹುಟ್ಟಿದ್ದರೆ ಶಿಷ್ಟ, ಅಂದರೆ ಉಳಿದ ದಶೆ, ಸುಮಾರು 5.3 ವರ್ಷ, 4ಕ್ಕೆ ಆದರೆ 4.1. ಒಂದೂಕಾಲು ವರ್ಷ ಆಚೀಚೆ. ಮುಂದಿನ ಎಲ್ಲ ದಶೆಗಳೂ ಅಷ್ಟೇ ಸರಿಯುತ್ತವೆ. ಇದು 6 ವರ್ಷದ ದಶೆ ಆದ್ದರಿಂದ ಇಷ್ಟಕ್ಕೆ ನಿಂತಿತು. ಶುಕ್ರ ದಶೆಯ ನಕ್ಷತ್ರ ಆಗಿದ್ದರೆ ನಾಲ್ಕು ವರ್ಷಕ್ಕೂ ಜಾಸ್ತಿ ಆಗುತ್ತಿತ್ತು.

ಗಣಿತಪ್ರಿಯೆ

ಮದುವೆ ಒಂದು ಬಿಟ್ಟು ಉಳಿದ ಘಟನೆಗಳಿಂದ ಜನನ ಸಮಯ ಶೋಧನೆ ಮಾಡಬಹುದಲ್ವಾ? ಓದು, ಕೆಲಸ, ಮನೆಯಲ್ಲಿ ಸಾವು. ನನ್ನ ಭಾವನಿಗೆ ಹಾಗೇ ಮಾಡಿದರು, ಚೆನ್ನಾಗಿ ಕೂಡಿಬಂತು.

ಹಳೇ_ಪಂಚಾಂಗ

ಮಾಡಬಹುದು ಅಮ್ಮಾ, ಆದರೆ ನಾನು ಮೇಳಾಮೇಳಿಗೆ ಬಳಸುವುದಿಲ್ಲ. ಐದು ಗಂಟೆಯ ಅವಧಿಯಲ್ಲಿ ನಾಲ್ಕು ಘಟನೆಗೆ ಹೊಂದುವ ವೇಳೆ ಒಂದಲ್ಲ, ಹಲವು ಸಿಗುತ್ತವೆ. ಸಂಬಂಧ ಬೇಕು ಅನ್ನುವವರಿಗೆ ದೋಷವಿಲ್ಲದ ವೇಳೆ ಸಿಕ್ಕೇ ಸಿಗುತ್ತದೆ. ಅದನ್ನೇ ಮತ್ತೆ ಸಾಕ್ಷಿ ಅಂತ ತೆಗೆದುಕೊಳ್ಳುವುದು ಹೇಗೆ?

ಗಣಿತಪ್ರಿಯೆ

ಒಪ್ಪಲಾರೆ. ಮಾಡುವವರು ಪ್ರಾಮಾಣಿಕರಾಗಿದ್ದರೆ ಆಗುತ್ತದೆ. ಇರಲಿ. ಬೇರೆ ಒಂದು ಮಾತು: ರಾಶಿಚಕ್ರ ಎಲ್ಲಿಂದ ಶುರು ಅನ್ನೋದಕ್ಕೆ ಹಿಡಿಯುವ ಅಯನಾಂಶ ಬೇರೆ ಬೇರೆ ಇವೆ, ಈ 2:14 ಲಾಹಿರಿ ಅಯನಾಂಶದ ಲೆಕ್ಕ ಅಲ್ವಾ? ರಾಮನ್ ಅಯನಾಂಶಕ್ಕೂ ಅದಕ್ಕೂ ಹತ್ತಿರ ಹತ್ತಿರ ಒಂದೂವರೆ ಅಂಶದ ವ್ಯತ್ಯಾಸ ಇದೆ. ಗಂಟೆಗೆ 33 ಕಲೆ ಅಂದರೆ ಗಡಿ ಎರಡೂವರೆ ಗಂಟೆಗೂ ಸ್ವಲ್ಪ ಜಾಸ್ತಿ ಹಿಂದೆ ಬರುತ್ತದೆ. 11:36ರ ಆಸುಪಾಸು.

ಹಳೇ_ಪಂಚಾಂಗ

ಹೌದು. ಒಳ್ಳೆಯ ಮಾತು ಹಿಡಿದಿರಿ. ನಾನು ಮೊದಲೇ ಕೇಳಬೇಕಿತ್ತು. ತಂಗಿಯ ಅಣ್ಣ, ನಿಮ್ಮ ಸಾಫ್ಟ್‌ವೇರ್‌ನ ಸೆಟ್ಟಿಂಗ್ ಏನಿದೆ?

ತಂಗಿಯ_ಅಣ್ಣ

ಲಾಹಿರಿ. ತಂಗಿಯದು ಎರಡರಲ್ಲೂ ರೇವತಿಯೇ, ಈಗಷ್ಟೇ ನೋಡಿದೆ.

ಇನ್ನೊಂದು ಸುದ್ದಿ. ಜನನ ಪ್ರಮಾಣಪತ್ರದಲ್ಲಿ ವೇಳೆ ಇಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಹುಡುಕುತ್ತಿದ್ದಾರೆ. ತಾಯಿಗೆ ಇನ್ನೊಂದು ನೆನಪಾಯಿತಂತೆ: ಹೆರಿಗೆ ಮಾಡಿಸಿದ ನರ್ಸ್ ಮಗುವನ್ನು ತೋರಿಸಿ, ನನ್ನ ಡ್ಯೂಟಿ ಮುಗೀತು ಅಂತ ಹೊರಟರಂತೆ. ಅಲ್ಲಿ ಡ್ಯೂಟಿ ಬದಲಾಗುವುದು ಮಧ್ಯಾಹ್ನ 2ಕ್ಕೆ.

ಹಳೇ_ಪಂಚಾಂಗ

ಇಂಥ ನೆನಪು ಬೆಲೆಯುಳ್ಳದ್ದು. ನರ್ಸ್ ಹದಿನೈದು ನಿಮಿಷ ತಡವಾಗಿ ಹೊರಟಿರಬಹುದು, ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. 2ರ ಒಳಗೆ ಅಂತಾದರೆ ಲಾಹಿರಿಯಲ್ಲಿ ಸಿಂಹ. ಮೇಷ ಲಗ್ನ ಬಿದ್ದುಹೋಯಿತು, ಕುಂಭ, ಮೀನ ಉಳಿದವು, 11:30ರ ಮೊದಲು ಹುಟ್ಟಿದ್ದರೆ ಮಕರ. ಕುಜದೋಷದ ಕಡೆಗೆ ತಕ್ಕಡಿ ವಾಲಿದೆ, ಇನ್ನೂ ತೀರ್ಮಾನ ಅಲ್ಲ. ತಂಗಿಗೂ ಕುಜದೋಷ ಇದ್ದರೆ ಈ ತಲೆನೋವೇ ಇರುವುದಿಲ್ಲ, ಅದನ್ನೊಮ್ಮೆ ನೋಡಿ.

ಶುಭಲಗ್ನ

ರಾಮನ್ ಲೆಕ್ಕ ಹಿಡಿದರೆ ಕನ್ಯಾ ಬರುತ್ತದೆ ಅಲ್ವಾ? ನಾನು ಮೊದಲೇ ಹೇಳಿದ್ದೆ ಕನ್ಯಾ ಅಂತ.

ಗಣಿತಪ್ರಿಯೆ

11:36ರ ನಂತರ ಹುಟ್ಟಿದ್ದರೆ ಬರುತ್ತದೆ. ಆದರೆ ನೀವು ಹೇಳಿದ ಕಾರಣಕ್ಕಲ್ಲ 😄

ತಂಗಿಯ_ಅಣ್ಣ

ತಂಗಿಗೆ ಕುಜ 3ರಲ್ಲಿ, ದೋಷ ಇಲ್ಲ. ನಮ್ಮ ಮನೆಯ ಜೋಯಿಸರು ಯಾವ ಅಯನಾಂಶ ಹಿಡಿಯುತ್ತಾರೆ ಅಂತ ನಾಳೆ ಕೇಳುತ್ತೇನೆ. ಹುಡುಗನ ಕಡೆಯವರ ಜೋಯಿಸರು ಬೇರೆ ಹಿಡಿದರೆ ಏನು ಮಾಡೋದು ಅಂತ ಗೊತ್ತಿಲ್ಲ. ಡಿಸ್ಚಾರ್ಜ್ ಕಾಗದ ಸಿಕ್ಕರೆ ಇಲ್ಲೇ ಬರೆಯುತ್ತೇನೆ.