ಲೆಸನ್ಸ್ ಲರ್ನ್ಡ್ ರಿಪೋರ್ಟ್: ಮುಂದೆ ಯಾರಾದ್ರೂ ಓದೋ ಥರ ಬರೆಯೋದು ಹೇಗೆ?

ಕೇಳಿದವರು: ಕಂಪನಿಯ ಖರೀದಿ, ಲೆಕ್ಕ ಎಲ್ಲಾ ಒಂದೇ ಸಾಫ್ಟ್‌ವೇರಿಗೆ ತರೋ ನಮ್ಮ ಇಆರ್‌ಪಿ ಪ್ರಾಜೆಕ್ಟ್ ಈ ತಿಂಗಳ ಕೊನೆಗೆ ಕ್ಲೋಸ್. ಪ್ರಾಜೆಕ್ಟಿಂದ ಏನ್ ಪಾಠ ಕಲ್ತ್ವಿ ಅಂತ ಬರೆಯೋ ಲೆಸನ್ಸ್ ಲರ್ನ್ಡ್ ರಿಪೋರ್ಟ್ ನನ್ ತಲೆಗೆ ಕಟ್ಟಿದಾರೆ. ಹಳೇ ಪ್ರಾಜೆಕ್ಟ್‌ದು ತೆಗೆದು ನೋಡಿದ್ರೆ ನಲವತ್ತು ಪೇಜು, ಪೂರ್ತಿ "ಸಮನ್ವಯ ಹೆಚ್ಚಿಸಬೇಕು" ಅನ್ನೋದೇ. ಆಮೇಲೆ ಯಾರಾದ್ರೂ ನಿಜವಾಗ್ಲೂ ಓದಿದ ರಿಪೋರ್ಟ್ ಬರೆದವ್ರು ಇದ್ರೆ ಹೇಗ್ ಮಾಡಿದ್ರಿ ಹೇಳಿ.

ಡೇಟಾ ಮೈಗ್ರೇಶನ್ ಮಾಡೋನು: ನಂದೇ ತಪ್ಪಿಂದ ಕಲ್ತಿದ್ದು ಹೇಳ್ತೀನಿ. ಒಂದು ಫ್ಯಾಕ್ಟರಿಗೆ ಇಆರ್‌ಪಿ ಹಾಕಿದ್ವಿ, ಹಳೇ ಸಿಸ್ಟಮಲ್ಲಿ ಸುಮಾರು 9 ಸಾವಿರ ವೆಂಡರ್, ಅದ್ರಲ್ಲಿ ಸಾವಿರಕ್ಕೂ ಮೇಲೆ ಡೂಪ್ಲಿಕೇಟು. ಇದು ಗೊತ್ತಾಗಿದ್ದು ಟೆಸ್ಟಿಂಗಲ್ಲಿ, ಅದೂ ಅಕೌಂಟ್ಸ್ ಅವ್ರು ಬಂದು "ಈ ವೆಂಡರ್‌ಗೆ ಅಡ್ವಾನ್ಸ್ ಕೊಟ್ಟಿದೀವಿ, ಬಿಲ್ಲಲ್ಲಿ ಕಳೀತಾನೇ ಇಲ್ಲ" ಅಂದಾಗ. ಅಡ್ವಾನ್ಸ್ ಒಂದು ಕೋಡಲ್ಲಿ, ಬಿಲ್ಲು ಇನ್ನೊಂದು ಕೋಡಲ್ಲಿ. ಗೋ-ಲೈವ್ ಮೂರು ವಾರ ಮುಂದಕ್ಕೆ ಹೋಯ್ತು. ರಿಪೋರ್ಟಲ್ಲಿ ನಾನು ಏನ್ ಬರೆದೆ ಅಂದ್ರೆ, "ಡೇಟಾ ಕ್ವಾಲಿಟಿಗೆ ಮೊದಲೇ ಗಮನ ಕೊಡಬೇಕು." ಒಂದೂವರೆ ವರ್ಷ ಆದ್ಮೇಲೆ ಅದೇ ಕಂಪನಿ ಎರಡನೇ ಪ್ಲಾಂಟಲ್ಲಿ ಅದೇ ಗುಂಡಿಗೆ ಬಿದ್ರು. ಓದಿಲ್ವಾ ಅಂದ್ರೆ, ಓದಿದ್ವಿ ಸಾರ್, ಗಮನಾನೂ ಕೊಟ್ವಿ ಅಂದ್ರು! ಅವ್ರದ್ದೇನ್ ತಪ್ಪು ಹೇಳಿ.

ಆಮೇಲೆ ಕೂತು ತಿರುಗಿ ಬರೆದೆ. ಹೆಡಿಂಗೇ "ಅಡ್ವಾನ್ಸ್ ಬಿಲ್ಲಲ್ಲಿ ಕಳೀತಿಲ್ಲ: ವೆಂಡರ್ ಎರಡು ಸಲ ಇದಾನೆ", ಯಾಕಂದ್ರೆ ಮುಂದಿನವ್ರು ಹುಡುಕೋದು ಕಣ್ಣಿಗೆ ಕಂಡ ತೊಂದರೆಯಿಂದ, "ಡೇಟಾ ಗವರ್ನೆನ್ಸ್" ಅಂತ ಯಾರೂ ಟೈಪ್ ಮಾಡಲ್ಲ. ಕೆಳಗೆ ಕಾರಣ, ಮೂರು ಜನ ಕ್ಲರ್ಕ್ ಒಂದೇ ಹೆಸರನ್ನ ಮೂರು ಥರ ಹೊಡೆದಿದ್ರು, ಹಳೇ ಸಿಸ್ಟಮ್ ಅಕ್ಷರ ಅಕ್ಷರ ಒಂದೇ ಇದ್ರೆ ಮಾತ್ರ ತಡೀತಿತ್ತು. ಆಮೇಲೆ ಯಾವಾಗ ಯಾರು ಏನ್ ಮಾಡ್ಬೇಕು, ಮೊದಲನೇ ಟ್ರಯಲ್ ಲೋಡ್‌ಗೆ ಮುಂಚೆ ಪರ್ಚೇಸಿಂದ ಒಬ್ರು ಕೂತು ಜಿಎಸ್‌ಟಿ ನಂಬರ್ ಪ್ರಕಾರ ಸಾರ್ಟ್ ಮಾಡಿ ನೋಡೋದು, ನಂಬರ್ ಇಲ್ಲದ ಸಣ್ಣ ವೆಂಡರ್‌ಗಳಿಗೆ ಬ್ಯಾಂಕ್ ಅಕೌಂಟ್ ನಂಬರ್. ನಮಗೆ ಇಬ್ರಿಗೆ ಎರಡು ವಾರ ಹಿಡೀತು ಅನ್ನೋದೂ ಬರೆದೆ, ಪ್ಲಾನಲ್ಲಿ ದಿನ ಹಾಕೋಕೆ ಅದೇ ಬೇಕಾಗೋದು. ಒಟ್ಟು ಅರ್ಧ ಪೇಜು.

ಇನ್ನೊಬ್ರು: ಜಿಎಸ್‌ಟಿ ಯಾಕೆ, ಪ್ಯಾನ್ ಸಾಕಲ್ವಾ? ಜಿಎಸ್‌ಟಿ ನಂಬರ್ ಒಳಗೇ ಪ್ಯಾನ್ ಇರುತ್ತೆ.

ಡೇಟಾ ಮೈಗ್ರೇಶನ್ ಮಾಡೋನು: ಇರುತ್ತೆ, ಮೂರನೇ ಅಕ್ಷರದಿಂದ ಹನ್ನೆರಡನೇದರವರೆಗೆ. ಆದ್ರೆ ಅದೇ ಕಂಪನಿ ಕರ್ನಾಟಕದಲ್ಲೂ ತಮಿಳುನಾಡಲ್ಲೂ ರಿಜಿಸ್ಟರ್ ಆಗಿದ್ರೆ ಪ್ಯಾನ್ ಒಂದೇ, ಜಿಎಸ್‌ಟಿ ನಂಬರ್ ಬೇರೆ ಬೇರೆ, ಪ್ಯಾನ್ ನೋಡಿ ಸೇರಿಸಿಬಿಟ್ರೆ ಟ್ಯಾಕ್ಸ್ ಎಲ್ಲಾ ಎಡವಟ್ಟಾಗುತ್ತೆ. ಪ್ಯಾನಿಂದ ಅನುಮಾನ ಪಡಬಹುದು ಅಷ್ಟೇ. ಜಿಎಸ್‌ಟಿ ನಂಬರ್ ಒಂದೇ ಇದ್ರೂ ಕಣ್ಮುಚ್ಚಿ ಸೇರಿಸಬೇಡಿ, ಒಂದೇ ನಂಬರಲ್ಲಿ ಎರಡು ಗೋಡೌನ್ ಇರಬಹುದು. ಎಲ್ಲೆಲ್ಲಿ ಈ ಪಾಠ ನಡೆಯಲ್ಲ ಅನ್ನೋದನ್ನೂ ಒಂದ್ ಲೈನ್ ಹಾಕಿ, ಎಲ್ಲಾರೂ ಬಿಡೋದು ಅದನ್ನೇ.

ಸಿವಿಲ್‌ನವ್ರು: ಕಂಪ್ಲೀಷನ್ ರಿಪೋರ್ಟ್ ತಾನೇ ಕೇಳ್ತಿರೋದು? ನಮ್ಮಲ್ಲಿ ಆಸ್-ಬಿಲ್ಟ್ ಡ್ರಾಯಿಂಗ್ ಜೊತೆ ಕೊಡ್ತೀವಿ. ನಾನು ಹತ್ತು ವರ್ಷ ರೋಡ್ ಕೆಲಸ ಮಾಡಿರೋನು, ಪೈಪ್‌ಲೈನ್‌ನವ್ರು ಈಗಲೂ ಫೋನ್ ಮಾಡಿ ಕೇಳೋದು ಒಂದೇ, ಯಾವ ಚೈನೇಜಲ್ಲಿ, ಅಂದ್ರೆ ರೋಡ್ ಶುರುವಿಂದ ಎಷ್ಟು ದೂರದಲ್ಲಿ, ಕಪ್ಪು ಮಣ್ಣು, ಎಲ್ಲಿ ನೀರು ಬಂತು ಅಂತ. ಜಾಗ ಬರೆದಿದ್ರೆ ಓದ್ತಾರೆ, ಇಲ್ಲಾಂದ್ರೆ ಬೀರು ಸೇರುತ್ತೆ.

ಪ್ರಾಜೆಕ್ಟ್ ಆಫೀಸಿನವಳು: ಸಾರ್, ಅವ್ರು ಕೇಳಿದ್ದು ಬೇರೆ, ಆದ್ರೆ ನಿಮ್ಮ ಮಾತು ಸರಿಯಾಗೇ ಇದೆ. ಶೇರ್ಡ್ ಫೋಲ್ಡರಲ್ಲಿ ಪೋರ್ಟಲಲ್ಲಿ ಹಾಕಿದ್ ತಕ್ಷಣ ಯಾರೂ ಓದಲ್ಲ. ನಾಸಾದಲ್ಲೇ ಇದಕ್ಕೆ ಅಂತ ದೊಡ್ಡ ಡೇಟಾಬೇಸ್ ಇದೆ, 2012ರಲ್ಲಿ ಅವರದೇ ಇನ್ಸ್‌ಪೆಕ್ಟರ್ ಜನರಲ್ ಆಡಿಟ್ ಮಾಡಿದ್ರೆ ಪ್ರಾಜೆಕ್ಟ್ ಮ್ಯಾನೇಜರ್‌ಗಳು ಅದನ್ನ ಬಳಸೋದೇ ಕಮ್ಮಿ ಅಂತ ಬಂತು. ಹಾಗಾಗಿ ನಾನು ರಿಪೋರ್ಟನ್ನ ಹರಿದು ಹಂಚ್ತೀನಿ. ಮೇಲಿನ ವೆಂಡರ್ ಪಾಠ ಅಂದ್ರೆ ಮೈಗ್ರೇಶನ್ ಪ್ಲಾನ್ ಟೆಂಪ್ಲೇಟಲ್ಲೇ ಒಂದು ರೋ, ಎರಡು ವಾರ ಅಂತ ಮೊದಲೇ ತುಂಬಿರುತ್ತೆ, ಬೇಡ ಅಂದ್ರೆ ಅವ್ರೇ ಅಳಿಸಬೇಕು, ಅಳಿಸುವಾಗಾದ್ರೂ ಯಾಕಿದೆ ಅಂತ ಲಿಂಕ್ ಒತ್ತಿ ಓದ್ತಾರೆ. ಇನ್ನೊಂದು, ಕೊನೇ ವಾರ ಮೀಟಿಂಗ್ ಕರೆದ್ರೆ ಎಲ್ರಿಗೂ ನೆನಪಿರೋದು ಕಳೆದ ತಿಂಗಳ ಜಗಳ ಮಾತ್ರ. ಇಶ್ಯೂ ಲಾಗ್, ಚೇಂಜ್ ರಿಕ್ವೆಸ್ಟ್ ತೆಗೆದು, ತಾರೀಖು ಜಾರಿದ ಕಡೆ ಬೆರಳಿಟ್ಟು ಕೇಳಿ.

ಕೇಳಿದವರು: ಥ್ಯಾಂಕ್ಸ್ ಎಲ್ರಿಗೂ. ನಮ್ಮಲ್ಲಿ ತಡ ಆಗಿದ್ದಕ್ಕೆ ನಿಜವಾದ ಕಾರಣ ಒಬ್ರು ಡಿಪಾರ್ಟ್‌ಮೆಂಟ್ ಹೆಡ್ ಮೂರು ತಿಂಗಳು ಪ್ರಾಜೆಕ್ಟ್‌ಗೆ ಜನ ಬಿಡಲಿಲ್ಲ. ಸೈನ್ ಮಾಡ್ಬೇಕಾದವ್ರೂ ಅವ್ರೇ. ಅದನ್ನ ಹೇಗ್ ಬರೀಲಿ?

ಡೇಟಾ ಮೈಗ್ರೇಶನ್ ಮಾಡೋನು: ಹೆಸರು ಬಿಡಿ, ಲೆಕ್ಕ ಬರೀರಿ. "ಪ್ಲಾನಲ್ಲಿ ನಾಲ್ಕು ಜನ, ಮೊದಲ ಮೂರು ತಿಂಗಳು ಬಂದಿದ್ದು ಒಬ್ರು." ಸಹಿ ಹಾಕ್ತಾರೆ.

ಪ್ರಾಜೆಕ್ಟ್ ಆಫೀಸಿನವಳು: ನನ್ನ ಅನುಭವದಲ್ಲಿ ಹಾಕಲ್ಲ. ಆ ಥರದ ಲೈನು ನನ್ ಕೈಲಿ ಎರಡು ಸಲ ತೆಗೆಸಿದಾರೆ. ಅದು ಮುಂದಿನ ಪಿಎಂ ಜೊತೆ ಕಾಫಿ ಕುಡೀತಾ ಹೇಳೋ ಮಾತು.

ಸಿವಿಲ್‌ನವ್ರು: ಮುಂದಿನ ಪಿಎಂ ಬರೋ ಹೊತ್ತಿಗೆ ನೀವೇ ಕೆಲಸ ಬಿಟ್ಟಿದ್ರೆ?