ತೋಳು ಉದ್ದ ಆಯ್ತು, ಬಳೆ ಕಮ್ಮಿ ಆಯ್ತು

"ಸೀಮಂತದ ಫೋಟೋದಲ್ಲಿ ಮಗಳ ಬ್ಲೌಸ್ ತೋಳು ಮೊಣಕೈವರೆಗೆ ಉದ್ದ ಮಾಡಿಸಿದೆ ಕಣೋ. ತೋಳೇನೋ ಚೆನ್ನಾಗಿ ಬಂತು, ಕೈ ಮಾತ್ರ ಯಾರದೋ ಥರ ಕಾಣುತ್ತಿದೆ. ಸರಿ ಮಾಡೋಕಾಗುತ್ತಾ?"

ಆಗುತ್ತೆ ಚಿಕ್ಕಮ್ಮ. ಎರಡೂ ಫೋಟೋ ದೊಡ್ಡದು ಮಾಡಿ ನೋಡಿದೆ. ಬಲಗೈಯಲ್ಲಿ 11 ಹಸಿರು ಬಳೆ ಇದ್ದವು, ಈಗ 8 ಇವೆ. ಅದರಲ್ಲೂ ಎರಡು ಒಂದಕ್ಕೊಂದು ಅಂಟಿಕೊಂಡಿವೆ. ಅಜ್ಜಿಯ ಚಿನ್ನದ ಬಳೆಯ ಕೆತ್ತನೆ ಅಳಿಸಿಹೋಗಿದೆ. ನಿಮಗೆ ಯಾರದೋ ಕೈ ಅನ್ನಿಸಿದ್ದು ಸುಮ್ನೆ ಅಲ್ಲ.

"ತೋಳು ಉದ್ದ ಮಾಡು" ಅಂತ ಬರೆದು ಮಾಡಿಸುವ ಆ್ಯಪ್‌ಗಳು ಎಷ್ಟೋ ಸಲ ತೋಳನ್ನಷ್ಟೇ ಮುಟ್ಟುವುದಿಲ್ಲ, ಇಡೀ ಚಿತ್ರವನ್ನೇ ಹೊಸದಾಗಿ ಬಿಡಿಸುತ್ತವೆ. ಮುಖ, ಸೀರೆ ಹೇಗೋ ದಾಟಿಬಿಡುತ್ತವೆ. ಸಣ್ಣ ಗೆರೆಗಳಿರುವ ಕಡೆ ಎಡವುತ್ತವೆ: ಬಳೆ, ಬೆರಳು, ವಾಚಿನ ಅಂಕಿ. "ಬಳೆ ಮುಟ್ಟಬೇಡ" ಅಂತ ಬರೆದರೂ ನಂಬೋಕಾಗಲ್ಲ.

ಹಾಗಂತ ಆ ಫೋಟೋ ಬಿಸಾಡಬೇಕಿಲ್ಲ. ಅದರ ತೋಳು ಮಾತ್ರ ತೆಗೆದುಕೊಳ್ಳೋಣ, ಕೈ ಹಳೆಯದೇ ಇರಲಿ. ಫೋಟೋಶಾಪಲ್ಲಿ ಕೆಳಗೆ ಹಳೆ ಫೋಟೋ, ಮೇಲೆ ಹೊಸದು ಇಡುತ್ತೇನೆ. ಎರಡರ ಅಳತೆ ಒಂದೇ ಇರಬೇಕು, ಆ್ಯಪ್ ಕೆಲವು ಸಲ ಚಿಕ್ಕದು ಮಾಡಿ ಕೊಟ್ಟಿರುತ್ತೆ. ಹೊಸದಕ್ಕೆ ಪೂರ್ತಿ ಕಪ್ಪು ಮಾಸ್ಕ್ ಹಾಕಿದರೆ ಅದು ಮರೆಯಾಗುತ್ತೆ. ಆಮೇಲೆ ಮಾಸ್ಕಿನ ಮೇಲೆ ತೋಳಿನ ಜಾಗಕ್ಕೆ ಮಾತ್ರ ಬಿಳಿ ಬ್ರಷ್ ಆಡಿಸಿದರೆ ಅಲ್ಲಿ ಹೊಸದು ಕಾಣುತ್ತೆ. ಜರಿ ಅಂಚಿನಲ್ಲೇ ನಿಲ್ಲಿಸಬಾರದು. ಅದರ ಕೆಳಗೆ ಚರ್ಮದ ಮೇಲೆ ಬೀಳುವ ತೆಳು ನೆರಳನ್ನೂ ಸೇರಿಸಿಕೊಳ್ಳಬೇಕು, ಇಲ್ಲದಿದ್ದರೆ ತೋಳು ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುತ್ತೆ. ಅಲ್ಲಿಂದ ಮೊದಲ ಬಳೆಗೆ ಇನ್ನೂ ಬರಿ ಚರ್ಮ ಉಳಿದಿದೆ, ಅಲ್ಲಿ ಮೆತ್ತನೆ ಬ್ರಷ್‌ನಿಂದ ಹಳೆಯದಕ್ಕೆ ಬೆರೆಸಿಬಿಡಬಹುದು.

ಮೊಣಕೈವರೆಗೆ ಅಂದಿರಿ, ಬದುಕಿಕೊಂಡೆ. ಮಣಿಕಟ್ಟಿನವರೆಗೆ ಅಂದಿದ್ದರೆ ಪ್ರತಿ ಬಳೆಯ ಸಂದಿಯಲ್ಲೂ ಬಟ್ಟೆ ತುಂಬಬೇಕಿತ್ತು. ಗಾಜಿನ ಬಳೆಯ ಒಳಗಿಂದಲೂ ಚರ್ಮದ ಬಣ್ಣ ಕಾಣುತ್ತಲ್ವಾ, ಅದನ್ನೂ ಬದಲಿಸಬೇಕಿತ್ತು.

ಕೊನೆಗೆ ಎರಡೂ ಲೇಯರ್ ಸೇರಿಸಿದ ಒಂದು ನಕಲನ್ನು ಎಲ್ಲಕ್ಕಿಂತ ಮೇಲೆ ಇಟ್ಟು, ಮಾಸ್ಕ್ ಹಾಕಿದ ಲೇಯರ್ ಮರೆಮಾಡಿ, ನಕಲಿನ ಬ್ಲೆಂಡ್ ಮೋಡ್ Difference ಅಂತ ಬದಲಿಸಿ ಹಳೆ ಫೋಟೋ ಜೊತೆ ಹೋಲಿಸಿ ನೋಡುತ್ತೇನೆ. ಎರಡೂ ಒಂದೇ ಇರುವ ಜಾಗ ಕಪ್ಪಾಗುತ್ತೆ. ತೋಳು ಮಾತ್ರ ಬೆಳಗಬೇಕು. ಬಳೆಯ ಮೇಲೆ ಒಂದು ಗೆರೆ ಮಿಂಚಿದರೂ ಬ್ರಷ್ ಅಲ್ಲಿಗೆ ಹೋಗಿದೆ ಅಂತ ಅರ್ಥ.

ಅಳಿಯಂದಿರ ಶರ್ಟಿನ ತೋಳು ಗಿಡ್ಡ ಮಾಡು ಅಂದಿದ್ದಿರಲ್ಲ, ಅದು ಇದಕ್ಕಿಂತ ಕಷ್ಟ. ಅವರ ವಾಚು ಅರ್ಧ ಕಫ್ ಒಳಗಿದೆ. ಒಳಗಿರುವ ಅರ್ಧ ಫೋಟೋದಲ್ಲೇ ಇಲ್ಲ, ಆ್ಯಪ್ ಊಹಿಸಿ ಬರೆದರೆ ಬೇರೆ ಯಾವುದೋ ವಾಚು ಬರುತ್ತೆ. ಅದೇ ದಿನ ಶರ್ಟಿನ ತೋಳು ಮಡಚಿಕೊಂಡು, ಕೈ ಹೆಚ್ಚುಕಮ್ಮಿ ಇದೇ ಕೋನದಲ್ಲಿಟ್ಟ ಇನ್ನೊಂದು ಫೋಟೋ ಇದ್ದರೆ ಅದರಿಂದ ವಾಚು ತಂದು ಕೂರಿಸುತ್ತೇನೆ. ಇಲ್ಲದಿದ್ದರೆ ಕಫ್ ಹಾಗೇ ಇರಲಿ.

ಹಳೆ ಫೋಟೋವನ್ನು ಗ್ರೂಪಿಗೆ ಹಾಕಬೇಡಿ, ನನಗೇ ಡಾಕ್ಯುಮೆಂಟ್ ಆಗಿ ಕಳಿಸಿ. ಇಲ್ಲಿ ಹಾಕಿದ್ದು ಕುಗ್ಗಿ ಬಂದಿದೆ, ಚಿನ್ನದ ಬಳೆಯ ಕೆತ್ತನೆ ಅದರಲ್ಲೂ ಸರಿಯಾಗಿ ಕಾಣುತ್ತಿಲ್ಲ.